ಮೋಂಗ್ಕೆ ಖಾನನ ಆಸ್ಥಾನದ ದುಭಾಷಿ

1254ರ ಮೇ 30ರಂದು ಮಂಗೋಲರ ರಾಜಧಾನಿ ಕಾರಾಕೋರಂನಲ್ಲಿ ಕ್ರೈಸ್ತರು, ಮುಸ್ಲಿಮರು ಮತ್ತು ಬೌದ್ಧರು ಒಂದೆಡೆ ಕಲೆತು ದೇವರ ಬಗ್ಗೆ ವಾದ ನಡೆಸಿದರು. ಹಾಗೆ ನಡೆಸಿರೆಂದು ಅಪ್ಪಣೆ ಕೊಟ್ಟವನು ಚೆಂಗಿಸ್ ಖಾನನ ಮೊಮ್ಮಗ ಮೋಂಗ್ಕೆ ಖಾನ್. ಕ್ರೈಸ್ತರ ಪರವಾಗಿ ಮಾತಿಗೆ ನಿಂತವನು ಫ್ಲಾಂಡರ್ಸ್ ನಾಡಿನ ಫ್ರಾನ್ಸಿಸ್ಕನ್ ಸನ್ಯಾಸಿ, ರುಬ್ರುಕ್‌ನ ವಿಲಿಯಂ. ಅವನ ಒಂದೊಂದು ಮಾತನ್ನೂ ಸಭೆಗೆ ಮುಟ್ಟಿಸಿದವನು ಒಬ್ಬ ಅಕ್ಕಸಾಲಿಯ ಸಾಕುಮಗ. ತಾನು ಕಂಡ ಸಣ್ಣಪುಟ್ಟ ಸಂಗತಿಗಳನ್ನೂ ಬರೆದಿಟ್ಟ ರುಬ್ರುಕ್ ಈ ದುಭಾಷಿಯನ್ನು ತಂದೆಯ ಹೆಸರಿನಿಂದಲೇ ಗುರುತಿಸಿ ಮುಂದೆ ಹೋಗಿದ್ದಾನೆ.

ಒಳ್ಳೆಯ ದುಭಾಷಿ ಸಿಗುವ ಮೊದಲು ರುಬ್ರುಕ್ ಪಟ್ಟ ಪಾಡನ್ನು ತಿಳಿದರೆ ಈ ಸಾಕುಮಗನ ಬೆಲೆ ಗೊತ್ತಾಗುತ್ತದೆ. 1253ರ ಮೇ ತಿಂಗಳಲ್ಲಿ ಅವನು ಕಾನ್‌ಸ್ಟಾಂಟಿನೋಪಲ್‌ನಿಂದ ಹೊರಟಾಗ ಜೊತೆಗಿದ್ದ ದುಭಾಷಿಯನ್ನು ಲ್ಯಾಟಿನ್‌ನಲ್ಲಿ ‘ಹೋಮೋ ದೇಯಿ’ ಎಂದು ಕರೆಯುತ್ತಿದ್ದರು. ಅಬ್ದುಲ್ಲಾ ಎಂಬ ಹೆಸರಿನ ಲ್ಯಾಟಿನ್ ರೂಪ ಅದಿರಬೇಕು. ಊಟ, ಕುದುರೆ, ದಾರಿಯ ವ್ಯವಹಾರಕ್ಕೆ ಅವನ ಭಾಷೆ ಹೇಗೋ ಸಾಲುತ್ತಿತ್ತು, ಧರ್ಮಬೋಧೆಗೆ ಸಾಲುತ್ತಿರಲಿಲ್ಲ. ಬೋಧನೆಯ ಮಾತು ಬಂದಾಗಲೆಲ್ಲ, ಅಂಥ ಪದಗಳು ತನಗೆ ಬರುವುದಿಲ್ಲ, ತನ್ನ ಬಾಯಲ್ಲಿ ಉಪದೇಶ ಮಾಡಿಸಬೇಡಿ ಎಂದು ಅವನು ಹಿಂದೆ ಸರಿಯುತ್ತಿದ್ದ. ಸ್ಥಳೀಯ ಭಾಷೆ ಸ್ವಲ್ಪ ಕಿವಿಗೆ ಹತ್ತಿದ ಮೇಲೆ, ತಾನು ಹೇಳಿದ್ದೇ ಒಂದು, ಇವನು ಹೇಳುತ್ತಿರುವುದೇ ಇನ್ನೊಂದು ಎಂಬುದು ರುಬ್ರುಕ್‌ಗೆ ಗೊತ್ತಾಯಿತು. ಇವನ ಮೂಲಕ ಮಾತಾಡುವುದಕ್ಕಿಂತ ಸುಮ್ಮನಿರುವುದೇ ಮೇಲು ಎಂದು ಅವನು ತೀರ್ಮಾನಿಸಿದ.

ಕಾಗದದಲ್ಲಿದ್ದ ಮಾತೂ ಸುರಕ್ಷಿತವಾಗಿರಲಿಲ್ಲ. ಫ್ರಾನ್ಸಿನ ದೊರೆ ಒಂಬತ್ತನೇ ಲೂಯಿ ಕೊಟ್ಟ ಪತ್ರದ ಅರೇಬಿಕ್ ಮತ್ತು ಸಿರಿಯಾಕ್ ಅನುವಾದಗಳನ್ನು ರುಬ್ರುಕ್ ತಂದಿದ್ದ. ವೋಲ್ಗಾ ಸೀಮೆಯ ಮಂಗೋಲ್ ರಾಜಕುಮಾರ ಸರ್ತಾಕನ ಬಿಡಾರದಲ್ಲಿ ಅವನ್ನು ಓದಿ ತಿಳಿಸಿದವರಲ್ಲಿ ಅರ್ಮೇನಿಯನ್ನರಿದ್ದರು. ಮುಸ್ಲಿಂ ಅರಸರ ಮೇಲೆ ಕಡುದ್ವೇಷವಿದ್ದ ಅವರು ಪತ್ರದ ಮಾತಿಗೆ ತಮ್ಮ ಬಯಕೆಯನ್ನೂ ಬೆರೆಸಿದರೆಂಬ ಅನುಮಾನ ರುಬ್ರುಕ್‌ಗೆ ಇತ್ತು. ಧರ್ಮ ಬೋಧಿಸಲು ಬಂದ ಸನ್ಯಾಸಿ, ಯುದ್ಧಕ್ಕೆ ನೆರವು ಕೋರಿ ಬಂದ ರಾಯಭಾರಿಯಂತೆ ಕಂಡ. ಅಲ್ಲಿಂದ ಅವನನ್ನು ಸರ್ತಾಕನ ತಂದೆ ಬಾತುವಿನ ಬಳಿಗೂ, ಬಾತು ಅವನನ್ನು ಮೋಂಗ್ಕೆಯ ಬಳಿಗೂ ಅಟ್ಟಿದರು.

1254ರ ಜನವರಿ ಮೊದಲಲ್ಲಿ ಖಾನನ ಮೊದಲ ಭೇಟಿ ನಡೆಯಿತು. ಅಲ್ಲಿನ ಪದ್ಧತಿಯಂತೆ ಬಂದವರ ಮುಂದೆ ದ್ರಾಕ್ಷಾರಸ, ಅಕ್ಕಿಯ ಮದ್ಯ, ಜೇನಿನ ಮದ್ಯ, ಕುದುರೆ ಹಾಲನ್ನು ಹುಳಿ ಬರಿಸಿ ಮಾಡಿದ ಕುಮಿಸ್ ಇಟ್ಟರು. ರುಬ್ರುಕ್ ಅಕ್ಕಿಯ ಮದ್ಯವನ್ನು ತುಟಿಗೆ ಸೋಕಿಸಿದ. ಪಾನೀಯ ಹಂಚುವವರ ಪಕ್ಕದಲ್ಲೇ ನಿಂತಿದ್ದ ದುಭಾಷಿಗೆ ಅವರು ಬಗ್ಗಿಸಿ ಬಗ್ಗಿಸಿ ಕೊಟ್ಟರು. ತಿಂಗಳುಗಟ್ಟಲೆ ಚಳಿ, ಹಸಿವು ಸಹಿಸಿ ಬಂದ ಪ್ರಯಾಣದ ಗುರಿಯೇ ಈ ಭೇಟಿಯಾಗಿತ್ತು. ಆದರೆ ಸ್ವಲ್ಪ ಹೊತ್ತಿನಲ್ಲೇ ದುಭಾಷಿಗೆ ಅಮಲೇರಿ, ಅವನ ಬಾಯಿಂದ ಒಂದು ಪೂರ್ತಿ ವಾಕ್ಯವೂ ಹೊರಡದಂತಾಯಿತು. ಖಾನನಿಗೂ ಅಮಲೇರಿದಂತೆ ರುಬ್ರುಕ್‌ಗೆ ಕಂಡಿತು. ಚಳಿ ಕಳೆಯುವ ತನಕ ಇರಲು ಅನುಮತಿ ಸಿಕ್ಕಿತೇ ಹೊರತು ಹೇಳಬೇಕಾದ ವಿಷಯ ಹಾಗೆಯೇ ಉಳಿಯಿತು.

ಕಾರಾಕೋರಂನಲ್ಲಿ ಗಿಯೋಮ್ ಬೂಶೆ ಎಂಬ ಪ್ಯಾರಿಸ್ಸಿನ ಅಕ್ಕಸಾಲಿ ಇದ್ದ. ಮಂಗೋಲರು ಹಂಗೇರಿಯ ಮೇಲೆ ದಂಡೆತ್ತಿ ಹೋದಾಗ ಸೆರೆ ಸಿಕ್ಕವನು ಅವನು. ಖಾನನ ಅರಮನೆಯ ಬಾಗಿಲಲ್ಲಿ ನಾಲ್ಕು ಬಗೆಯ ಮದ್ಯ ಸುರಿಸುವ ಬೆಳ್ಳಿಯ ಮರವನ್ನು ಮಾಡಿದವನು ಅವನೇ. ಯುರೋಪಿನ ಮಾತನ್ನೂ ಆಸ್ಥಾನದ ಮಾತನ್ನೂ ಚೆನ್ನಾಗಿ ಬಲ್ಲವನು ಅವನ ಸಾಕುಮಗ. ಹೊರಗಿನಿಂದ ಬಂದ ದುಭಾಷಿಗೂ ಇವನಿಗೂ ಇದ್ದ ವ್ಯತ್ಯಾಸ ಭಾಷೆಯದಷ್ಟೇ ಅಲ್ಲ. ಆಸ್ಥಾನದ ನಡೆನುಡಿ, ಅಲ್ಲಿ ಯಾವ ಮಾತು ಯಾರ ಕಿವಿಗೆ ಹೇಗೆ ಬೀಳುತ್ತದೆಂಬ ಅರಿವು ಇವನಿಗಿತ್ತು.

ವಾದಕ್ಕೆ ಕೆಲವು ದಿನ ಮೊದಲು ಖಾನನ ಅಧಿಕಾರಿಗಳು ರುಬ್ರುಕ್‌ನನ್ನು ವಿಚಾರಿಸಿದ್ದರು. ದೇವರ ಆಜ್ಞೆಗಳ ಮಾತು ಬಂದಾಗ, ಖಾನ್ ಅವನ್ನು ಪಾಲಿಸುವುದಿಲ್ಲ ಎನ್ನುತ್ತೀಯಾ ಎಂದು ಕೆಣಕಿದರು. ದುಭಾಷಿ ಬರಲಿ, ಆಜ್ಞೆಗಳನ್ನು ಖಾನನ ಮುಂದೆಯೇ ಹೇಳುತ್ತೇನೆ, ಪಾಲಿಸುತ್ತಾನೋ ಇಲ್ಲವೋ ಅವನೇ ನೋಡಿಕೊಳ್ಳಲಿ ಎಂದು ರುಬ್ರುಕ್ ಉತ್ತರಿಸಿದ. ಖಾನನಿಗೆ ಮುಟ್ಟಿದ ವರದಿಯೇ ಬೇರೆ: ಈ ಸನ್ಯಾಸಿ ತಮ್ಮನ್ನು ವಿಗ್ರಹಾರಾಧಕರೆಂದು ಕರೆದ ಎಂದು. ಆಸ್ಥಾನದಲ್ಲಿ ಇದು ತಲೆಗೇ ಬರಬಹುದಾದ ಮಾತು.

ವಾದದ ದಿನ ಖಾನ್ ಖುದ್ದಾಗಿ ಕೂರದೆ ಮೂವರು ಲಿಪಿಕಾರರನ್ನು ತೀರ್ಪುಗಾರರಾಗಿ ಕಳಿಸಿದ. ಒಬ್ಬ ಕ್ರೈಸ್ತ, ಒಬ್ಬ ಮುಸ್ಲಿಂ, ಒಬ್ಬ ಬೌದ್ಧ. ಎದುರಾಳಿಯನ್ನು ಹೀಯಾಳಿಸಿದವರಿಗೆ, ಗಲಾಟೆ ಎಬ್ಬಿಸಿದವರಿಗೆ ಮರಣದಂಡನೆ ಎಂದು ಮೊದಲೇ ಸಾರಲಾಯಿತು. ಈ ನಿಯಮದ ಭಾರ ವಾದಿಗಳಿಗಿಂತ ದುಭಾಷಿಗಳ ಮೇಲೇ ಹೆಚ್ಚು ಬಿದ್ದಿರಬೇಕು. ಚುರುಕಾದ ಟೀಕೆ ಅನುವಾದದಲ್ಲಿ ಒಂದು ಪದ ಜಾರಿದರೂ ಬೈಗುಳವಾಗಬಹುದಿತ್ತು. ಮುಸ್ಲಿಮರು ಏಕದೇವನನ್ನು ನಂಬುವವರಾದ್ದರಿಂದ ಮೊದಲು ಬೌದ್ಧರೊಂದಿಗೆ ವಾದಿಸೋಣ ಎಂದು ರುಬ್ರುಕ್ ನೆಸ್ಟೋರಿಯನ್ ಕ್ರೈಸ್ತರನ್ನು ಒಪ್ಪಿಸಿದ್ದ. ಚೀನಾ ಕಡೆಯಿಂದ ಬಂದ ಬೌದ್ಧ ಭಿಕ್ಷುವಿಗೂ ಅವನದೇ ದುಭಾಷಿ ಇದ್ದ. ಹಾಗಾಗಿ ಪ್ರಶ್ನೆ ಇಬ್ಬರ ಬಾಯಿ ದಾಟಿ ಹೋಗಬೇಕು, ಉತ್ತರ ಇಬ್ಬರ ಬಾಯಿ ದಾಟಿ ಬರಬೇಕು.

ಜಗತ್ತು ಹುಟ್ಟಿದ್ದು ಹೇಗೆ, ಸತ್ತ ಮೇಲೆ ಆತ್ಮಕ್ಕೆ ಏನಾಗುತ್ತದೆ, ಈ ಎರಡರಲ್ಲಿ ಒಂದರಿಂದ ಆರಂಭಿಸೋಣ ಎಂದು ಭಿಕ್ಷು ಕೇಳಿದ. ದೇವರಿಂದಲೇ ಆರಂಭಿಸಬೇಕೆಂದ ರುಬ್ರುಕ್‌ನ ಮಾತನ್ನು ತೀರ್ಪುಗಾರರು ಒಪ್ಪಿದರು. ಲೋಕದಲ್ಲಿ ಹಲವು ಅರಸರಿರುವಂತೆ ದೇವರೂ ಹಲವರು ಎಂಬುದು ಭಿಕ್ಷುವಿನ ನಿಲುವು. ಹಾಗಾದರೆ ಆ ದೇವರುಗಳಲ್ಲಿ ಸರ್ವಶಕ್ತನಾದವನು ಒಬ್ಬನಾದರೂ ಇದ್ದಾನೆಯೇ ಎಂದು ರುಬ್ರುಕ್ ಕೇಳಿದ. ಭಿಕ್ಷು ಬಹಳ ಹೊತ್ತು ಸುಮ್ಮನಿದ್ದ. ಉತ್ತರಿಸಲೇಬೇಕೆಂದು ಲಿಪಿಕಾರರು ಖಾನನ ಹೆಸರಿನಲ್ಲಿ ಆದೇಶಿಸಿದರು. ಯಾವ ದೇವರೂ ಸರ್ವಶಕ್ತನಲ್ಲ ಎಂಬ ಉತ್ತರ ಬಂದಾಗ ಮುಸ್ಲಿಮರು ಗಟ್ಟಿಯಾಗಿ ನಕ್ಕರು. ಇದೆಲ್ಲವೂ ದಕ್ಕಿರುವುದು ರುಬ್ರುಕ್‌ನ ವರದಿಯಿಂದ, ಅಂದರೆ ಒಂದು ಪಕ್ಷದ ಬಾಯಿಂದ. ಭಿಕ್ಷುವಿನ ಮೌನವನ್ನು ಸೋಲೆಂದೇ ಅವನು ಬಗೆದ. ಸೃಷ್ಟಿಕರ್ತ ದೇವರನ್ನು ಒಪ್ಪದ ಧರ್ಮವೊಂದರ ಮುಂದೆ ಆ ಪ್ರಶ್ನೆ ದುಭಾಷಿಗಳ ಮೂಲಕ ಯಾವ ರೂಪದಲ್ಲಿ ಬಂತೆಂಬ ಯೋಚನೆ ಅವನಿಗೆ ಬರಲಿಲ್ಲ.

ಮುಸ್ಲಿಮರು ವಾದಕ್ಕಿಳಿಯಲಿಲ್ಲ. ಸುವಾರ್ತೆಯಲ್ಲಿರುವುದು ನಿಜವೆಂದು ಒಪ್ಪುತ್ತೇವೆ, ಜಗಳ ಬೇಡ ಎಂದರು. ಎಲ್ಲರೂ ಕೇಳಿಸಿಕೊಂಡರು, ಒಬ್ಬನೂ ಮತ ಬದಲಿಸಲಿಲ್ಲ. ಕೊನೆಗೆ ಕ್ರೈಸ್ತರೂ ಮುಸ್ಲಿಮರೂ ಗಟ್ಟಿಯಾಗಿ ಹಾಡಿದರು, ಬೌದ್ಧರು ಸುಮ್ಮನಿದ್ದರು, ಆಮೇಲೆ ಎಲ್ಲರೂ ಸೇರಿ ಹೊಟ್ಟೆ ತುಂಬ ಕುಡಿದರು.

ಮರುದಿನ ಖಾನ್ ರುಬ್ರುಕ್‌ನನ್ನು ಕರೆಸಿದ. ಒಳಗೆ ಹೋಗುವ ಮೊದಲೇ ಬೂಶೆಯ ಮಗ ಅವನಿಗೆ ಎಚ್ಚರಿಕೆ ಹೇಳಿದ: ನಿಮ್ಮನ್ನು ಊರಿಗೆ ಕಳಿಸುವುದು ತೀರ್ಮಾನವಾಗಿದೆ, ಎದುರಾಡಬೇಡಿ. ಒಳಗೆ ಖಾನ್ ಆ ಹಳೆಯ ದೂರನ್ನೇ ಎತ್ತಿದ. ರುಬ್ರುಕ್ ತಾನು ಹಾಗೆ ಹೇಳಲಿಲ್ಲವೆಂದ, ಖಾನ್ ನಂಬಿದ. ಹೆದರಬೇಡ ಎಂದು ಖಾನ್ ಹೇಳಿದಾಗ, ಹೆದರಿದ್ದರೆ ಇಲ್ಲಿಯವರೆಗೆ ಬರುತ್ತಿರಲಿಲ್ಲ ಎಂದು ರುಬ್ರುಕ್ ತಗ್ಗಿದ ದನಿಯಲ್ಲಿ ಉತ್ತರಿಸಿದ. ಏನಂದ ಎಂದು ಖಾನ್ ದುಭಾಷಿಯನ್ನು ಕೇಳಿದ, ದುಭಾಷಿ ಅದನ್ನು ಇದ್ದ ಹಾಗೇ ಒಪ್ಪಿಸಿದ. ಬಳಿಕ ಖಾನ್ ತನ್ನ ನಂಬಿಕೆ ತಿಳಿಸಿದ: ದೇವರು ಒಬ್ಬನೇ, ಆದರೆ ಕೈಗೆ ಬೇರೆ ಬೇರೆ ಬೆರಳು ಕೊಟ್ಟಂತೆ ಜನರಿಗೆ ಬೇರೆ ಬೇರೆ ದಾರಿಗಳನ್ನು ಕೊಟ್ಟಿದ್ದಾನೆ. ಕ್ರೈಸ್ತರಿಗೆ ಗ್ರಂಥ ಕೊಟ್ಟಿದ್ದಾನೆ, ಅವರು ಅದರಂತೆ ನಡೆಯುವುದಿಲ್ಲ. ಮಂಗೋಲರಿಗೆ ಕಣಿ ಹೇಳುವವರನ್ನು ಕೊಟ್ಟಿದ್ದಾನೆ, ಅವರು ಹೇಳಿದಂತೆ ಮಂಗೋಲರು ನಡೆಯುತ್ತಾರೆ.

1254ರ ಜುಲೈನಲ್ಲಿ ರುಬ್ರುಕ್ ಹಿಂದಿರುಗಿದ. ದೊರೆ ಲೂಯಿಗೆ ಬರೆದ ಸುದೀರ್ಘ ವರದಿಯ ಕೊನೆಯಲ್ಲಿ, ತನ್ನಂಥ ಸನ್ಯಾಸಿಗಳು ಇನ್ನು ಮುಂದೆ ಮಂಗೋಲರ ಬಳಿ ಹೋಗುವುದರಲ್ಲಿ ಪ್ರಯೋಜನವಿಲ್ಲ ಎಂದ. ಪೋಪ್ ಒಬ್ಬ ಬಿಷಪ್‌ನನ್ನು ರಾಯಭಾರಿಯಾಗಿ ಕಳಿಸುವುದಾದರೆ ಅವನ ಜೊತೆ ಸಾಕಷ್ಟು ದಾರಿ ಖರ್ಚು ಇರಲಿ, ಒಳ್ಳೆಯ ದುಭಾಷಿ ಇರಲಿ, ಒಬ್ಬನಲ್ಲ, ಹಲವರು ಇರಲಿ ಎಂದು ಸೇರಿಸಿದ.