ಒಂದೇ ಕಚೇರಿ, ನಲವತ್ತು ಬಾಗಿಲು

2011ರ ಮಾರ್ಚ್ 9ರಂದು ಅಮೆರಿಕದ ಕಾರು ಕಂಪನಿ ಕ್ರೈಸ್ಲರ್‌ನ ಟ್ವಿಟರ್ ಖಾತೆಯಲ್ಲಿ ಒಂದು ಸಾಲು ಕಾಣಿಸಿಕೊಂಡಿತು. ಮೋಟಾರು ನಗರಿ ಎಂದು ಹೆಸರಾದ ಡೆಟ್ರಾಯ್ಟ್‌ನಲ್ಲಿ ಯಾರಿಗೂ ಗಾಡಿ ಓಡಿಸಲು ಬರುವುದಿಲ್ಲ ಎಂಬ ಗೇಲಿ, ಜೊತೆಗೊಂದು ಬೈಗುಳ. ಡೆಟ್ರಾಯ್ಟ್‌ನ ಹೆಮ್ಮೆಯನ್ನೇ ಮುಂದಿಟ್ಟುಕೊಂಡು ಅದೇ ಕಂಪನಿ ಒಂದು ತಿಂಗಳ ಹಿಂದಷ್ಟೇ ಸೂಪರ್ ಬೌಲ್ ಪಂದ್ಯದ ವೇಳೆ ದೊಡ್ಡ ಜಾಹೀರಾತು ಕೊಟ್ಟಿತ್ತು. ಆ ಸಾಲನ್ನು ಬರೆದವರು ಕ್ರೈಸ್ಲರ್‌ನವರಲ್ಲ. ಅದರ ಖಾತೆ ನೋಡಿಕೊಳ್ಳುತ್ತಿದ್ದ ನ್ಯೂ ಮೀಡಿಯಾ ಸ್ಟ್ರಾಟಜೀಸ್ ಎಂಬ ಏಜೆನ್ಸಿಯ ನೌಕರ. ಅವರ ಸ್ವಂತ ಖಾತೆಗೆ ಹೋಗಬೇಕಿದ್ದ ಮಾತು ಕ್ಲೈಂಟ್‌ನ ಖಾತೆಗೆ ಹೋಗಿತ್ತು. ನೌಕರನ ಕೆಲಸ ಹೋಯಿತು, ಏಜೆನ್ಸಿಯ ಗುತ್ತಿಗೆಯನ್ನು ಕ್ರೈಸ್ಲರ್ ನವೀಕರಿಸಲಿಲ್ಲ.

ಇಂದು ನಮ್ಮ ಊರಿನ ಚಿನ್ನದಂಗಡಿ, ಆಸ್ಪತ್ರೆ, ಕಾಲೇಜು, ಹೋಟೆಲುಗಳ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳ ಹಿಂದೆಯೂ ಹೆಚ್ಚಾಗಿ ಇಂಥದೇ ಏಜೆನ್ಸಿ ಇರುತ್ತದೆ. ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಏಜೆನ್ಸಿಯನ್ನು ಊಹಿಸಿಕೊಳ್ಳಿ. 40 ಕ್ಲೈಂಟ್‌ಗಳು, ಒಬ್ಬೊಬ್ಬರಿಗೆ ಮೂರು ಖಾತೆ, ಒಂದೊಂದು ಖಾತೆಗೆ ವಾರಕ್ಕೆ ನಾಲ್ಕು ಪೋಸ್ಟ್. ಅಂದರೆ 120 ಖಾತೆ, ವಾರಕ್ಕೆ 480 ಪೋಸ್ಟ್. ಇಲ್ಲಿ ಚಂದದ ಚಿತ್ರ ಮಾಡುವುದಕ್ಕಿಂತ ಕಷ್ಟದ ಕೆಲಸ, ಒಬ್ಬರದು ಇನ್ನೊಬ್ಬರ ಮನೆಗೆ ಹೋಗದಂತೆ ನೋಡಿಕೊಳ್ಳುವುದು.

ಅದಕ್ಕಾಗಿ ಬಫರ್, ಹೂಟ್‌ಸೂಟ್, ಜೋಹೊ ಸೋಷಿಯಲ್‌ನಂಥ ತಂತ್ರಾಂಶಗಳಿವೆ. ಪೋಸ್ಟನ್ನು ಮೊದಲೇ ಬರೆದಿಟ್ಟು, ಸಮಯ ನಿಗದಿ ಮಾಡಿದರೆ ಅದು ತಾನಾಗಿಯೇ ಪ್ರಕಟವಾಗುತ್ತದೆ. ಹೀಗೆ ಕಾದು ನಿಂತ ಪೋಸ್ಟ್‌ಗಳ ಸಾಲೇ ಕ್ಯೂ. ಪ್ರತಿ ಕ್ಲೈಂಟ್‌ಗೂ ಬೇರೆ ಕ್ಯೂ ಇರಬೇಕು ಎನ್ನುವುದಕ್ಕೆ ಮೊದಲ ಕಾರಣ ಗಡಿಯಾರ. ಏಜೆನ್ಸಿಗೆ ಲಂಡನ್ನಿನ ಒಂದು ದಕ್ಷಿಣ ಭಾರತೀಯ ಹೋಟೆಲು ಕ್ಲೈಂಟ್ ಎಂದಿಟ್ಟುಕೊಳ್ಳಿ. ಅಲ್ಲಿನ ಸಂಜೆ ಆರಕ್ಕೆ ಪೋಸ್ಟ್ ಬರಬೇಕೆಂದು ಬೇಸಿಗೆಯಲ್ಲಿ ಭಾರತೀಯ ಕಾಲಮಾನದ ರಾತ್ರಿ 10.30 ಎಂದು ಹಾಕಿದರೆ ಸರಿಯಾಗಿಯೇ ಇರುತ್ತದೆ. ಆದರೆ ಬ್ರಿಟನ್ನಿನಲ್ಲಿ ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂದಿನಿಂದಲೇ ಅದೇ ಪೋಸ್ಟ್ ಅಲ್ಲಿನ ಐದಕ್ಕೇ ಬಂದುಬಿಡುತ್ತದೆ. ಎಲ್ಲಿಯೂ ದೋಷದ ಸೂಚನೆ ಬರುವುದಿಲ್ಲ. ಆ ಕ್ಲೈಂಟ್‌ನ ಕ್ಯೂಗೆ ಲಂಡನ್ನಿನ ಕಾಲಮಾನವನ್ನೇ ಕೊಟ್ಟಿದ್ದರೆ ಈ ತೊಂದರೆಯೇ ಇಲ್ಲ.

ಎರಡನೆಯ ಕಾರಣ, ತಡೆಯಬೇಕಾದಾಗ ತಡೆಯುವುದು. 2021ರ ಅಕ್ಟೋಬರ್ 29ರ ಶುಕ್ರವಾರ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಮೂರು ದಿನಕ್ಕೆ ರಾಜ್ಯೋತ್ಸವ, ಅದೇ ವಾರ ದೀಪಾವಳಿ. ಹಬ್ಬದ ರಿಯಾಯಿತಿಯ ಪೋಸ್ಟ್‌ಗಳು ಕ್ಯೂನಲ್ಲಿ ಸಾಲಾಗಿ ನಿಲ್ಲುವ ಕಾಲ ಅದು. ನಾಡೇ ಅಳುತ್ತಿರುವಾಗ ‘ಸಂಭ್ರಮಿಸಿ, ಶೇ 30 ರಿಯಾಯಿತಿ’ ಎಂಬ ಪೋಸ್ಟ್ ಹೊರಬಿದ್ದರೆ ಅಂಗಡಿಯ ಹೆಸರು ಕೆಡುತ್ತದೆ. ಇಂಥ ದಿನ ಕರ್ನಾಟಕದ ಕ್ಲೈಂಟ್‌ಗಳ ಕ್ಯೂಗಳನ್ನಷ್ಟೇ ನಿಲ್ಲಿಸಿ, ಹೊರದೇಶದವರದನ್ನು ಓಡಲು ಬಿಡಬೇಕಾಗುತ್ತದೆ. ಎಲ್ಲವೂ ಒಂದೇ ಪಟ್ಟಿಯಲ್ಲಿ ಬೆರೆತಿದ್ದರೆ 480 ಪೋಸ್ಟ್‌ಗಳಲ್ಲಿ ಒಂದೊಂದನ್ನೇ ಹುಡುಕಬೇಕು. ಇನ್ನೊಂದು ಮಾತು: ನಿಲ್ಲಿಸಿದ ಕ್ಯೂವನ್ನು ಮತ್ತೆ ಹಾಗೆಯೇ ಚಾಲೂ ಮಾಡಬಾರದು. ‘ಇಂದೇ ಕೊನೆಯ ದಿನ’ ಎಂಬ ಪೋಸ್ಟ್ ನಾಲ್ಕು ದಿನ ತಡವಾಗಿ ಹೋಗುವುದು ಆಗಲೇ.

ಕ್ಯೂ ಬೇರೆಯಾದ ಮೇಲೆ, ಯಾರಿಗೆ ಎಷ್ಟು ಅಧಿಕಾರ ಎಂಬ ಪ್ರಶ್ನೆ. ಬ್ರಿಟನ್ನಿನ ಸಂಗೀತ ಮಳಿಗೆಗಳ ಸಂಸ್ಥೆ ಎಚ್‌ಎಂವಿ 2013ರ ಜನವರಿಯಲ್ಲಿ ಆರ್ಥಿಕ ಸಂಕಷ್ಟಕ್ಕೆ ಸಿಕ್ಕಿ ನೌಕರರನ್ನು ತೆಗೆಯತೊಡಗಿತು. ಆ ಸಭೆ ನಡೆಯುತ್ತಿರುವಾಗಲೇ ಅದರ ವಿವರ ಸಂಸ್ಥೆಯ ಅಧಿಕೃತ ಟ್ವಿಟರ್ ಖಾತೆಯಲ್ಲಿ ಬರತೊಡಗಿತು. ಟ್ವಿಟರ್ ನಿಲ್ಲಿಸುವುದು ಹೇಗೆಂದು ಮಾರುಕಟ್ಟೆ ವಿಭಾಗದ ಮುಖ್ಯಸ್ಥರು ಕೇಳುತ್ತಿದ್ದಾರೆ ಎಂಬುದೂ ಅದೇ ಖಾತೆಯಲ್ಲಿ ಬಂತು. ಬೀಗದ ಕೈ ಹೊರಗೆ ಹೋಗುವವರ ಬಳಿಯೇ ಇತ್ತು.

ನಮ್ಮಲ್ಲಿ ಇದು ಹೀಗೆ ನಡೆಯುತ್ತದೆ: ಅಂಗಡಿಯವರು ಪಾಸ್‌ವರ್ಡ್ ಅನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ, ಏಜೆನ್ಸಿಯ ಐದಾರು ಮಂದಿಗೆ ಅದು ಗೊತ್ತಾಗುತ್ತದೆ. ಒಟಿಪಿ ಮಾತ್ರ ಮಾಲೀಕರ ಮಗನ ಫೋನಿಗೆ ಹೋಗುತ್ತದೆ. ಐವರಲ್ಲಿ ಒಬ್ಬರು ಕೆಲಸ ಬಿಟ್ಟರೆ ಅವರು ಮುಟ್ಟಿದ ಎಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸಬೇಕು. ಹೆಚ್ಚಿನವರು ಬದಲಿಸುವುದಿಲ್ಲ.

ಮೆಟಾದ ಬಿಸಿನೆಸ್ ವ್ಯವಸ್ಥೆಯಲ್ಲಿ ಇದಕ್ಕೆ ಬೇರೆ ದಾರಿಯಿದೆ. ಪುಟ ಅಂಗಡಿಯ ಸ್ವಂತ ಬಿಸಿನೆಸ್ ಖಾತೆಯಲ್ಲೇ ಇರುತ್ತದೆ. ಏಜೆನ್ಸಿಯನ್ನು ಅದರ ಬಿಸಿನೆಸ್ ಐಡಿಯ ಮೂಲಕ ‘ಪಾರ್ಟ್‌ನರ್’ ಆಗಿ ಸೇರಿಸಿ, ಪೋಸ್ಟ್, ಸಂದೇಶ, ಜಾಹೀರಾತು, ಅಂಕಿಅಂಶ ಇವುಗಳಲ್ಲಿ ಬೇಕಾದದ್ದಕ್ಕಷ್ಟೇ ಅನುಮತಿ ಕೊಡಬಹುದು. ಮನೆಯನ್ನು ಬಾಡಿಗೆಗೆ ಕೊಟ್ಟಂತೆ; ಕ್ರಯಪತ್ರ ಮಾಲೀಕರ ಬಳಿಯೇ. ಏಜೆನ್ಸಿಯೊಳಗೂ ಇದೇ ಕ್ರಮ. ಹೊಸದಾಗಿ ಸೇರಿದವರು ಕರಡು ಮಾತ್ರ ಬರೆಯಬಹುದು, ಹಿರಿಯರು ನೋಡಿ ಕ್ಯೂಗೆ ಸೇರಿಸುತ್ತಾರೆ, ಕ್ಲೈಂಟ್ ತಮ್ಮ ಕರಡುಗಳನ್ನಷ್ಟೇ ನೋಡಿ ಒಪ್ಪಿಗೆ ಕೊಡುತ್ತಾರೆ. ಒಬ್ಬರು ಕೆಲಸ ಬಿಟ್ಟರೆ ಏಜೆನ್ಸಿಯ ಪಟ್ಟಿಯಿಂದ ಅವರ ಹೆಸರು ತೆಗೆದರಾಯಿತು.

ಆದರೆ ಒಂದು ಎಚ್ಚರ ಬೇಕು. ತಂತ್ರಾಂಶಕ್ಕೆ ಖಾತೆಯನ್ನು ಜೋಡಿಸುವಾಗ ಯಾರೋ ಒಬ್ಬರು ತಮ್ಮ ಲಾಗಿನ್‌ನಿಂದ ಒಪ್ಪಿಗೆ ಕೊಟ್ಟಿರುತ್ತಾರೆ. ಆ ಒಪ್ಪಿಗೆಗೆ ಆಯುಷ್ಯವಿದೆ. ಲಿಂಕ್ಡ್‌ಇನ್‌ನಲ್ಲಿ ಸಾಮಾನ್ಯವಾಗಿ 60 ದಿನ. ಫೇಸ್‌ಬುಕ್‌ನಲ್ಲಿ ಒಪ್ಪಿಗೆ ಕೊಟ್ಟವರು ಪಾಸ್‌ವರ್ಡ್ ಬದಲಿಸಿದರೂ ಜೋಡಣೆ ಕಳಚಿಕೊಳ್ಳುತ್ತದೆ. ಕ್ಯೂ ತುಂಬಿಯೇ ಇರುತ್ತದೆ, ಪೋಸ್ಟ್ ಮಾತ್ರ ಹೊರಗೆ ಬರುವುದಿಲ್ಲ. ಎಚ್ಚರಿಕೆಯ ಇಮೇಲ್ ಹೋಗುವುದು ಬಹಳ ಸಲ ಕೆಲಸ ಬಿಟ್ಟು ಹೋದವರ ವಿಳಾಸಕ್ಕೆ. ಆದ್ದರಿಂದ ತಿಳಿದವರು ಕ್ಯೂವನ್ನು ನೋಡಿ ಸಮಾಧಾನಪಡುವುದಿಲ್ಲ. ದಿನಕ್ಕೊಮ್ಮೆ ಪುಟವನ್ನೇ ತೆರೆದು ಕೊನೆಯ ಪೋಸ್ಟ್ ಯಾವಾಗ ಬಂದಿದೆ ಎಂದು ನೋಡುತ್ತಾರೆ.

ತಿಂಗಳ ಕೊನೆಗೆ ವರದಿ. ಮೋಸವಿಲ್ಲದೆಯೂ ಇಲ್ಲಿ ಸುಳ್ಳು ನುಸುಳುತ್ತದೆ. ‘ರೀಚ್’ ಎಂದರೆ ಪೋಸ್ಟ್ ತಲುಪಿದ ಬೇರೆ ಬೇರೆ ಜನರ ಸಂಖ್ಯೆ. ಸೋಮವಾರ ನೋಡಿದವರೇ ಮಂಗಳವಾರವೂ ನೋಡಿರುತ್ತಾರೆ. ದಿನಕ್ಕೆ ಸಾವಿರ ಜನರಂತೆ 30 ದಿನ ಕೂಡಿಸಿ 30,000 ಎಂದರೆ ತಪ್ಪು. ಅದೇ ಜನ ಮತ್ತೆ ಮತ್ತೆ ಬಂದಿದ್ದರೆ ನಿಜವಾದ ಸಂಖ್ಯೆ ಅದಕ್ಕಿಂತ ತೀರ ಕಡಿಮೆ. ಫೇಸ್‌ಬುಕ್‌ನ ರೀಚ್‌ಗೆ ಇನ್‌ಸ್ಟಾಗ್ರಾಂನದನ್ನು ಕೂಡಿಸಿದರೂ ಇದೇ ತೊಡಕು. ಶೇಕಡಾವಾರು ಲೆಕ್ಕವನ್ನೂ ಕೇಳಿ ತಿಳಿಯಬೇಕು. 600 ಜನ ಒಂದು ಪೋಸ್ಟ್‌ಗೆ ಸ್ಪಂದಿಸಿದರು ಎನ್ನಿ. ಅದು ತಲುಪಿದ 12,000 ಜನರಿಂದ ಭಾಗಿಸಿದರೆ ಶೇ 5, ಪುಟದ 40,000 ಅನುಯಾಯಿಗಳಿಂದ ಭಾಗಿಸಿದರೆ ಶೇ 1.5. ಎರಡೂ ಲೆಕ್ಕ ಸರಿಯೇ. ಕಳೆದ ತಿಂಗಳು ಒಂದು, ಈ ತಿಂಗಳು ಇನ್ನೊಂದು ಬಳಸಿದರೆ ಮಾತ್ರ ತಪ್ಪು. ವರದಿಯೂ ಬೇರೆ ಬೇರೆಯಾಗಿಯೇ ತಯಾರಾಗಬೇಕು. ಕಳೆದ ಕ್ಲೈಂಟ್‌ನ ಫೈಲನ್ನು ನಕಲು ಮಾಡಿ ಅಂಕಿ ತುಂಬುವ ಅಭ್ಯಾಸದಿಂದ ಒಂದು ಚಿನ್ನದಂಗಡಿಯ ಗುಟ್ಟು ಎದುರಿನ ಚಿನ್ನದಂಗಡಿಗೆ ತಲುಪಬಹುದು.

ನಿಮ್ಮ ಅಂಗಡಿಯನ್ನೋ ಸಂಸ್ಥೆಯನ್ನೋ ಇಂಥ ಏಜೆನ್ಸಿ ನೋಡಿಕೊಳ್ಳುತ್ತಿದ್ದರೆ ಮೂರು ಪ್ರಶ್ನೆ ಕೇಳಿ. ಪುಟ ಯಾರ ಬಿಸಿನೆಸ್ ಖಾತೆಯಲ್ಲಿದೆ? ಅದನ್ನು ಮುಟ್ಟಬಲ್ಲವರ ಹೆಸರುಗಳೇನು? ವರದಿಯ ಶೇಕಡಾವಾರನ್ನು ಯಾವುದರಿಂದ ಭಾಗಿಸಿದ್ದಾರೆ? ಮೊದಲನೆಯದಕ್ಕೆ ‘ನಮ್ಮದರಲ್ಲಿ’ ಎಂದು ಏಜೆನ್ಸಿ ಉತ್ತರಿಸಿದರೆ, ಗುತ್ತಿಗೆ ಮುಗಿಯುವ ಮೊದಲೇ ಪುಟವನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.