ಎರಡು ಸಿಮ್, ಒಂದೇ ರೇಡಿಯೊ

ಸ್ನೇಹಿತರ ಎರಡನೇ ನಂಬರಿಗೆ ಕರೆ ಮಾಡುತ್ತೀರಿ. ಅವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ರೆಕಾರ್ಡ್ ಮಾಡಿದ ಧ್ವನಿ ಹೇಳುತ್ತದೆ. ನಿಜಕ್ಕೂ ಅವರು ಜಯನಗರದ ಮನೆಯಲ್ಲೇ ಇದ್ದಾರೆ, ಮೊಬೈಲ್ ಕೂಡ ಆನ್ ಇದೆ. ಮೊದಲ ನಂಬರಿನಲ್ಲಿ ಬೇರೆ ಯಾರೊಂದಿಗೋ ಮಾತನಾಡುತ್ತಿದ್ದಾರೆ, ಅಷ್ಟೆ. ಪರದೆಯ ಮೇಲೆ ಎರಡು ಸಿಮ್‌ಗಳಿಗೂ ಸಿಗ್ನಲ್ ಕಡ್ಡಿಗಳು ತುಂಬಿದ್ದರೂ ಹೀಗಾಗುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಬಹುಪಾಲು ಎರಡು ಸಿಮ್ ಫೋನ್‌ಗಳು ‘ಡ್ಯುಯಲ್ ಸ್ಟ್ಯಾಂಡ್‌ಬೈ’ ಬಗೆಯವು. ಇವು ಎರಡು ನಂಬರುಗಳ ಸಂಪರ್ಕವನ್ನು ಒಂದೇ ರೇಡಿಯೊದಲ್ಲಿ ನಿಭಾಯಿಸುತ್ತವೆ.

ಎರಡು ಬಾಗಿಲಿನ ಮನೆಯಲ್ಲಿ ಒಬ್ಬರೇ ಇದ್ದ ಹಾಗೆ ಇದು. ಬಳಕೆಯಲ್ಲಿಲ್ಲದ ಫೋನ್ ಸದಾ ಟವರಿನ ಜೊತೆ ಮಾತನಾಡುತ್ತಿರುವುದಿಲ್ಲ. ಸಾಮಾನ್ಯವಾಗಿ ಒಂದೆರಡು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಎಚ್ಚರಗೊಂಡು, ತನಗೆ ಕರೆ ಬಂದಿದೆಯೇ ಎಂದು ಆಲಿಸಿ, ಮತ್ತೆ ಸುಮ್ಮನಾಗುತ್ತದೆ. 4ಜಿ ಜಾಲಗಳಲ್ಲಿ ಈ ಅಂತರ ಹೆಚ್ಚಾಗಿ 1.28 ಸೆಕೆಂಡ್. ಎರಡು ಸಿಮ್ ಇದ್ದರೆ ಒಂದೇ ರೇಡಿಯೊ ಒಮ್ಮೆ ಈ ಕಂಪನಿಯ ಟವರಿನತ್ತ, ಇನ್ನೊಮ್ಮೆ ಆ ಕಂಪನಿಯ ಟವರಿನತ್ತ ಕಿವಿಗೊಟ್ಟು ಬರುತ್ತದೆ. ಒಂದು ಸಿಮ್‌ನಲ್ಲಿ ಇಂಟರ್ನೆಟ್ ಓಡುತ್ತಿರುವಾಗಲೂ ಕ್ಷಣಕಾಲ ಅದನ್ನು ಬಿಟ್ಟು ಇನ್ನೊಂದನ್ನು ಆಲಿಸುತ್ತದೆ. ಓದುವವರಿಗೆ, ವಿಡಿಯೊ ನೋಡುವವರಿಗೆ ಇದು ತಿಳಿಯುವುದಿಲ್ಲ. ಆನ್‌ಲೈನ್ ಆಟ ಆಡುವವರಿಗೆ ಮಾತ್ರ ಸಣ್ಣ ಎಳೆತವಾಗಿ ಕಾಣಿಸಬಹುದು.

ಮಾತಿನ ಕರೆಯನ್ನು ಹಾಗೆ ನಡುನಡುವೆ ಬಿಟ್ಟು ಹೋಗುವಂತಿಲ್ಲ, ಮಾತು ತುಂಡಾಗುತ್ತದೆ. ಆದ್ದರಿಂದ ಕರೆ ಮುಗಿಯುವವರೆಗೂ ರೇಡಿಯೊ ಒಂದೇ ಕಡೆ ನಿಲ್ಲುತ್ತದೆ. ಅಷ್ಟು ಹೊತ್ತು ಎರಡನೇ ಕಂಪನಿಯ ಟವರ್ ಕರೆದರೂ ಉತ್ತರವಿಲ್ಲ, ಜಾಲವು ಕರೆ ಮಾಡಿದವರಿಗೆ ‘ಸಿಗುತ್ತಿಲ್ಲ’ ಎನ್ನುತ್ತದೆ. ಎಸ್ಸೆಮ್ಮೆಸ್ ಕಳೆದುಹೋಗುವುದಿಲ್ಲ, ಕಾದಿದ್ದು ಆಮೇಲೆ ಬರುತ್ತದೆ. ಕೆಲವೇ ನಿಮಿಷ ಬಾಳುವ ಒಟಿಪಿ ಮಾತ್ರ ಅಷ್ಟರಲ್ಲಿ ಹಳಸಿರುತ್ತದೆ.

ಡೇಟಾ ವಿಷಯದಲ್ಲಿ ಏನಾಗುತ್ತದೆ? ಬೆಂಗಳೂರಿನ ಒಬ್ಬ ಆಟೊ ಚಾಲಕರನ್ನು ಕಲ್ಪಿಸಿಕೊಳ್ಳೋಣ. ಹಳೆಯ ನಂಬರು ಮೊದಲ ಸಿಮ್‌ನಲ್ಲಿದೆ, ಶಾಲೆಗೆ ಹೋಗುವ ಮಕ್ಕಳ ತಾಯಂದಿರು ಕರೆ ಮಾಡುವುದು ಅದಕ್ಕೆ. ಡೇಟಾ ಇರುವುದು ಎರಡನೇ ಸಿಮ್‌ನಲ್ಲಿ, ಬಾಡಿಗೆ ತರುವ ಆ್ಯಪ್ ಅದರ ಮೇಲೆ ಓಡುತ್ತದೆ. ಹಳೆಯ ನಂಬರಿಗೆ ಕರೆ ಬಂದು ಎತ್ತಿದ ಕೂಡಲೇ ಡೇಟಾದ ಗುರುತು ಮಾಯವಾಗುತ್ತದೆ. ಮ್ಯಾಪ್ ನಿಂತಲ್ಲೇ ನಿಲ್ಲುತ್ತದೆ. ಆಟೊ ಎಲ್ಲಿದೆ ಎಂಬುದು ಆ್ಯಪ್‌ನ ಸರ್ವರಿಗೆ ತಿಳಿಯದು, ಹೊಸ ಬಾಡಿಗೆಯೂ ಬರದು. ಮಾತು ಮುಗಿದು ಕೆಲವು ಸೆಕೆಂಡಿಗೆ ಎಲ್ಲವೂ ತಾನಾಗಿ ಮರಳುತ್ತದೆ. ಐದು ನಿಮಿಷ ಮಾತನಾಡಿದರೆ ಐದು ನಿಮಿಷದ ಬಾಡಿಗೆ ಹೋಯಿತು.

ಇದಕ್ಕೆಂದೇ ಡೇಟಾ ಬದಲಾವಣೆಯ ಆಯ್ಕೆ ಇದೆ. ಐಫೋನಿನಲ್ಲಿ ಅದರ ಹೆಸರು Allow Mobile Data Switching, ಸ್ಯಾಮ್‌ಸಂಗ್‌ನ ಸಿಮ್ ಸೆಟ್ಟಿಂಗ್‌ನಲ್ಲಿ Auto data switching. ಇದು ಎರಡನೇ ಸಿಮ್‌ನ ಡೇಟಾವನ್ನು ಕರೆಯ ನಡುವೆ ಉಳಿಸಿಕೊಡುತ್ತದೆ ಎಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಕರೆ ನಡೆಯುತ್ತಿರುವ ಸಿಮ್‌ನ ಡೇಟಾವನ್ನೇ ಅಷ್ಟು ಹೊತ್ತು ಬಳಸಿಕೊಳ್ಳುತ್ತದೆ. ಹಾಗಾಗಿ ಎರಡು ಷರತ್ತುಗಳಿವೆ. ಮೊದಲನೆಯದಾಗಿ, ಆ ಕರೆ ವೋಲ್ಟಿಯಲ್ಲಿ ಇರಬೇಕು. 2ಜಿಗೆ ಇಳಿದ ಕರೆಯಲ್ಲಿ ಮಾತು ಮತ್ತು ಇಂಟರ್ನೆಟ್ ಜೊತೆಯಾಗಿ ಸಾಗುವುದಿಲ್ಲ. ಎರಡನೆಯದಾಗಿ, ಆ ನಂಬರಿಗೂ ಡೇಟಾ ಪ್ಯಾಕ್ ಇರಬೇಕು. ಟ್ರಾಯ್ ಸೂಚನೆಯ ಮೇರೆಗೆ 2025ರ ಜನವರಿಯಿಂದ ಕಂಪನಿಗಳು ಬರೀ ಕರೆ ಮತ್ತು ಎಸ್ಸೆಮ್ಮೆಸ್‌ನ ಪ್ಯಾಕ್‌ಗಳನ್ನು ತಂದಿವೆ. ನಮ್ಮ ಚಾಲಕರು ಹಳೆಯ ನಂಬರನ್ನು ಅಂಥ ಪ್ಯಾಕ್‌ನಲ್ಲಿ ಇಟ್ಟಿದ್ದರೆ, ಸೆಟ್ಟಿಂಗ್ ಆನ್ ಮಾಡಿಯೂ ಮ್ಯಾಪ್ ಕದಲುವುದಿಲ್ಲ. ಅದರಲ್ಲಿ ಫೋನಿನ ದೋಷವೇನೂ ಇಲ್ಲ.

ಷರತ್ತುಗಳೆರಡೂ ಕೂಡಿಬಂದರೂ ಬದಲಾವಣೆಗೆ ಒಂದು ಬೆಲೆ ಇದೆ. ಇಂಟರ್ನೆಟ್‌ನಲ್ಲಿ ನಿಮ್ಮ ಫೋನಿಗೆ ಸಿಗುವ ಐಪಿ ವಿಳಾಸವನ್ನು ಕೊಡುವುದು ಸಿಮ್ ಕಂಪನಿ. ಸಿಮ್ ಬದಲಾದರೆ ವಿಳಾಸವೂ ಬದಲಾಗುತ್ತದೆ, ಹಳೆಯ ವಿಳಾಸದಲ್ಲಿ ನಡೆಯುತ್ತಿದ್ದ ಸಂಪರ್ಕ ಸಾಮಾನ್ಯವಾಗಿ ಕಡಿದುಹೋಗುತ್ತದೆ, ಆ್ಯಪ್ ಹೊಸದಾಗಿ ಜೋಡಿಸಿಕೊಳ್ಳಬೇಕು. ವಿಡಿಯೊ ಮುಂಚಿತವಾಗಿ ತುಂಬಿಕೊಂಡಿದ್ದರೆ ನಿಲ್ಲದೆ ಸಾಗುತ್ತದೆ. ಮುಖ್ಯವಾಗಿ ಗಮನಿಸಬೇಕಾದದ್ದು ಯುಪಿಐ ಪಾವತಿ. ಪಿನ್ ಒತ್ತಿದ ಮರುಕ್ಷಣ ಡೇಟಾ ಬದಲಾದರೆ ಬ್ಯಾಂಕಿನ ಉತ್ತರ ನಿಮ್ಮ ಪರದೆಗೆ ತಲುಪದೆ, ಹಣ ಮಾತ್ರ ಹೋಗಿರಬಹುದು. ಅಂಥ ಹೊತ್ತಿನಲ್ಲಿ ಎರಡನೇ ಸಲ ಕಳಿಸುವ ಮೊದಲು ಖಾತೆಯ ವಿವರ ನೋಡಿ.

ಕೆಲವು ಆಂಡ್ರಾಯ್ಡ್ ಫೋನ್‌ಗಳು ಕರೆ ಇಲ್ಲದಿದ್ದಾಗಲೂ ಸಿಗ್ನಲ್ ಕುಸಿದರೆ ಡೇಟಾವನ್ನು ಇನ್ನೊಂದು ಸಿಮ್‌ಗೆ ಒಯ್ಯುತ್ತವೆ. ಶಿರಾಡಿ ಘಾಟಿಯಲ್ಲಿ ಪ್ರಯಾಣಿಸುವವರಿಗೆ ಇದು ನೆರವಾದೀತು. ಆದರೆ ಕ್ಷಣಕ್ಕೊಮ್ಮೆ ಅತ್ತಿತ್ತ ಹಾರದಂತೆ ಫೋನು ಸ್ವಲ್ಪ ಕಾದು ನೋಡುತ್ತದೆ, ಆ ಅಂತರದಲ್ಲಿ ಇಂಟರ್ನೆಟ್ ಇರುವುದಿಲ್ಲ. ದುಬೈ, ಮಸ್ಕತ್‌ನಲ್ಲಿದ್ದು ಊರಿನ ಸಿಮ್ಮನ್ನು ಒಟಿಪಿಗಾಗಿ ಉಳಿಸಿಕೊಂಡವರು ಆ ಸಿಮ್‌ನ ಡೇಟಾ ರೋಮಿಂಗನ್ನು ಖಂಡಿತ ಆಫ್ ಮಾಡಿಡಬೇಕು. ಇಲ್ಲದಿದ್ದರೆ ಫೋನು ತಾನಾಗಿ ಬದಲಾಗಿ ದುಬಾರಿ ಬಿಲ್ ತಂದೀತು.

‘ಡ್ಯುಯಲ್ ಆ್ಯಕ್ಟಿವ್’ ಫೋನುಗಳಲ್ಲಿ ಎರಡು ನಂಬರುಗಳನ್ನೂ ಏಕಕಾಲಕ್ಕೆ ನಡೆಸುವ ರೇಡಿಯೊ ಸಾಮರ್ಥ್ಯವಿದೆ. ಕ್ವಾಲ್ಕಾಮ್ ಕಂಪನಿಯ 2022ರ ಎಕ್ಸ್70 ಮೋಡೆಮ್ ಇದನ್ನು 5ಜಿ ಫೋನುಗಳಿಗೆ ತಂದಿತು. ಇಲ್ಲಿ ಚಾಲಕರು ಹಳೆಯ ನಂಬರಿನಲ್ಲಿ ಮಾತನಾಡುತ್ತಿರುವಾಗಲೂ ಎರಡನೇ ಸಿಮ್‌ನ ಡೇಟಾ ಅಲ್ಲೇ ಮುಂದುವರಿಯುತ್ತದೆ, ಐಪಿ ಬದಲಾಗದು. ಎರಡನೇ ನಂಬರಿಗೆ ಕರೆ ಬಂದರೆ ಮೊದಲನೆಯದನ್ನು ಹೋಲ್ಡ್‌ನಲ್ಲಿಟ್ಟು ಎತ್ತಬಹುದು. ಬದಲಿಗೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಬಿಸಿಯೂ ಹೆಚ್ಚು. ಎರಡು ಕಂಪನಿಗಳು ಬಳಸುವ ಕೆಲವು ತರಂಗಾಂತರಗಳು ಜೊತೆಯಾದಾಗ ಒಂದಕ್ಕೊಂದು ಅಡ್ಡಿ ಮಾಡುತ್ತವೆ, ಅಂಥ ಕಡೆ ಫೋನು ಸ್ಟ್ಯಾಂಡ್‌ಬೈಗೆ ಇಳಿಯಬಹುದು.

ನಿಮ್ಮ ಫೋನು ಯಾವ ಬಗೆಯದು? `*#06#` ಒತ್ತಿ ಎರಡು ಐಎಂಇಐ ಬಂದರೆ ಡ್ಯುಯಲ್ ಆ್ಯಕ್ಟಿವ್ ಎನ್ನುವವರಿದ್ದಾರೆ. ಸ್ಟ್ಯಾಂಡ್‌ಬೈ ಫೋನಿಗೂ ಎರಡೇ ಇರುತ್ತವೆ, ಆದ್ದರಿಂದ ಇದನ್ನು ನಂಬಬೇಡಿ. ವೈಫೈ, ಎರಡೂ ಸಿಮ್‌ಗಳ ವೈಫೈ ಕಾಲಿಂಗ್, ಡೇಟಾ ಬದಲಾವಣೆ ಎಲ್ಲವನ್ನೂ ಆಫ್ ಮಾಡಿ ಮೊದಲ ನಂಬರಿನಿಂದ ಯಾರಿಗಾದರೂ ಕರೆ ಮಾಡಿ, ಮಾತು ನಡೆಯುತ್ತಿರುವಾಗ ಮೂರನೇ ಫೋನಿನಿಂದ ಎರಡನೇ ನಂಬರಿಗೆ ಕರೆ ಮಾಡಿಸಿ. ರಿಂಗ್ ಆದರೆ ಅದು ಆ್ಯಕ್ಟಿವ್. ವೈಫೈ ಕಾಲಿಂಗ್ ಆಫ್ ಮಾಡಲು ಕಾರಣವಿದೆ: ಕೆಲವು ಸ್ಟ್ಯಾಂಡ್‌ಬೈ ಫೋನುಗಳು ಎರಡನೇ ನಂಬರಿನ ಕರೆಯನ್ನು ಮೊದಲ ಸಿಮ್‌ನ ಡೇಟಾ ಮೂಲಕ ತರಿಸಿಕೊಳ್ಳುತ್ತವೆ. ಪರೀಕ್ಷೆಯಲ್ಲಿ ಇದು ದಾರಿ ತಪ್ಪಿಸುತ್ತದೆ, ದಿನಬಳಕೆಗೆ ಒಳ್ಳೆಯ ಸೌಲಭ್ಯ. ಕಂಪನಿ ಅವಕಾಶ ಕೊಟ್ಟಿದ್ದರೆ ಆನ್ ಮಾಡಿಟ್ಟುಕೊಳ್ಳಿ.

ಅದೂ ಇಲ್ಲದವರಿಗೆ ಕರೆ ವರ್ಗಾವಣೆ ಇದೆ. ಫೋನ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಎರಡನೇ ಸಿಮ್ ಆರಿಸಿ, Call forwarding ಒಳಗೆ ‘ಸಿಗದಿದ್ದಾಗ’ ಎಂಬಲ್ಲಿ ಮೊದಲ ನಂಬರನ್ನು ಕೊಟ್ಟರೆ, ಮಾತಿನ ನಡುವೆ ಬರುವ ಕರೆ ಮೊದಲ ನಂಬರಿಗೆ ಕಾಲ್ ವೇಟಿಂಗ್ ಆಗಿ ತಲುಪುತ್ತದೆ. ಇದನ್ನು ಸೆಟ್ಟಿಂಗ್‌ನಿಂದಲೇ ಮಾಡಿ, ಯಾರೋ ಫೋನಿನಲ್ಲಿ ಹೇಳಿದ ಕೋಡ್ ಒತ್ತಬೇಡಿ. `*401#` ಒತ್ತಿಸಿ ಜನರ ಕರೆಗಳನ್ನು, ಅವುಗಳೊಂದಿಗೆ ಒಟಿಪಿಗಳನ್ನೂ ತಮ್ಮತ್ತ ತಿರುಗಿಸಿಕೊಳ್ಳುವ ವಂಚಕರ ಕಾರಣಕ್ಕೆ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಆ ಬಗೆಯ ವರ್ಗಾವಣೆಯನ್ನೇ ನಿಲ್ಲಿಸುವಂತೆ ಕಂಪನಿಗಳಿಗೆ ಆದೇಶಿಸಿತು.