ಸ್ವಾಗತದ ಪತ್ರಕ್ಕೆ ಒಂದೇ ಕೆಲಸ

ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹುರಿದು, ಪುಡಿ ಮಾಡಿ ಆನ್‌ಲೈನ್‌ನಲ್ಲಿ ಮಾರುವ ಪರಿಚಯದ ಹೆಣ್ಣುಮಗಳೊಬ್ಬರು ತಮ್ಮ ಸ್ವಾಗತದ ಇಮೇಲ್‌ಗಳನ್ನೆಲ್ಲ ಪ್ರಿಂಟ್ ತೆಗೆದು ನನ್ನ ಮುಂದಿಟ್ಟರು. ಅವರ ವೆಬ್‌ಸೈಟ್‌ನಲ್ಲಿ ಇಮೇಲ್ ವಿಳಾಸ ಕೊಟ್ಟವರಿಗೆ ಒಳ್ಳೆಯ ಡಿಕಾಕ್ಷನ್ ಇಳಿಸುವುದು ಹೇಗೆ ಎಂಬ ಪುಟ್ಟ ಕೈಪಿಡಿ ಉಚಿತ. ಅದರ ಹಿಂದೆಯೇ ಇನ್ನೂ ಮೂರು ಪತ್ರಗಳು ತಾವಾಗಿಯೇ ಹೋಗುತ್ತವೆ. “ಕೈಪಿಡಿ ಬಂದಿಲ್ಲ ಅಂತ ಜನ ಫೋನ್ ಮಾಡ್ತಾರೆ ಅಣ್ಣಾ. ಮೊದಲನೇ ಪತ್ರದಲ್ಲೇ ಇದೆ. ಯಾಕೆ ಕಾಣಲ್ಲ ಅಂತ ಸ್ವಲ್ಪ ನೋಡಿ” ಎಂದರು.

ಇಬ್ಬರೂ ಕೆಂಪು ಪೆನ್ನು ಹಿಡಿದು ಕೂತೆವು. ಓದುಗರಿಂದ ಏನನ್ನಾದರೂ ಕೇಳುವ ಪ್ರತಿ ಸಾಲಿಗೂ ಗೆರೆ ಎಳೆಯುತ್ತ ಹೋದೆವು. ಮೊದಲ ಪತ್ರದಲ್ಲೇ ಏಳು ಗೆರೆ ಬಿತ್ತು. ಸ್ವಾಗತ ಕೋರಿದ ಮೇಲೆ ತಾತ ತೋಟ ಮಾಡಿದ ಕಥೆಯನ್ನು ಪೂರ್ತಿ ಓದಬೇಕು, ಕೂಪನ್ ಬಳಸಬೇಕು, ಇನ್‌ಸ್ಟಾಗ್ರಾಂನಲ್ಲಿ ಫಾಲೋ ಮಾಡಬೇಕು, ಐದು ಪ್ರಶ್ನೆಗೆ ಉತ್ತರಿಸಬೇಕು, ಹೊಸ ಪುಡಿಯನ್ನು ನೋಡಬೇಕು, ಸ್ನೇಹಿತರಿಗೆ ತಿಳಿಸಬೇಕು. ಕಟ್ಟಕಡೆಗೆ, ಕೈಪಿಡಿಯ ಲಿಂಕ್. ಪತ್ರದ ಕೋಡ್ 102 ಕೆಬಿ ದಾಟಿದರೆ ಜಿಮೇಲ್ ಉಳಿದ ಭಾಗವನ್ನು ಮರೆಮಾಡಿ, ಪೂರ್ತಿ ನೋಡಲು ಒಂದು ಸಣ್ಣ ಲಿಂಕ್ ಇಡುತ್ತದೆ. ಬಣ್ಣದ ಚೌಕಗಳಿಂದ ತುಂಬಿದ ಸಿದ್ಧ ವಿನ್ಯಾಸದಿಂದಾಗಿ ಇವರ ಪತ್ರ ಆ ಮಿತಿ ದಾಟಿತ್ತು. ಕೈಪಿಡಿ ಇದ್ದದ್ದು ಮರೆಯಾದ ಭಾಗದಲ್ಲಿ.

ಲಿಂಕನ್ನು ಮೇಲಕ್ಕೆ ತಂದರೆ ಫೋನ್ ಕರೆಗಳು ನಿಲ್ಲುತ್ತಿದ್ದವು, ನಿಜ. ಆದರೆ ಕಾಯಿಲೆ ಇದ್ದದ್ದು ಲಿಂಕಿನ ಜಾಗದಲ್ಲಲ್ಲ. ಆ ಪತ್ರ ಯಾವ ಕೆಲಸಕ್ಕೆ ಹೊರಟಿದೆ ಎಂದು ಬರೆದವರೇ ತೀರ್ಮಾನಿಸಿರಲಿಲ್ಲ. ಹಾಗಾಗಿ ಹಳೆಯ ಪತ್ರಗಳನ್ನು ತಿದ್ದುವುದು ಬಿಟ್ಟು ಖಾಲಿ ಹಾಳೆ ತೆಗೆದುಕೊಂಡೆವು. ಪ್ರತಿ ಪತ್ರಕ್ಕೂ ಒಂದು ವಾಕ್ಯ ಬರೆಯಬೇಕು: “ಇದನ್ನು ಓದಿದವರು ಇಂಥದ್ದನ್ನು ಮಾಡುತ್ತಾರೆ”, ಇಲ್ಲವೇ “ಇಂಥದ್ದನ್ನು ತಿಳಿದುಕೊಳ್ಳುತ್ತಾರೆ”. ವಾಕ್ಯದೊಳಗೆ “ಮತ್ತು”, “ಹಾಗೆಯೇ”, “ಜೊತೆಗೆ” ನುಸುಳಿದರೆ ಅಲ್ಲಿ ಎರಡು ಪತ್ರಗಳಿವೆ ಎಂದೇ ಲೆಕ್ಕ. ಒಂದನ್ನು ಬೇರೆ ಮಾಡಬೇಕು ಅಥವಾ ಕೈಬಿಡಬೇಕು. ವಾಕ್ಯ ಸಿಗುವ ತನಕ ಪತ್ರ ಬರೆಯಲು ಕೂರುವಂತಿಲ್ಲ.

ಮೊದಲ ಪತ್ರದ ವಾಕ್ಯ ಸುಲಭವಾಗಿ ಸಿಕ್ಕಿತು: ಓದುಗರು ಕೈಪಿಡಿಯನ್ನು ತೆರೆಯುತ್ತಾರೆ. ಹಳೆಯ ಸಬ್ಜೆಕ್ಟ್ ಲೈನ್ “ನಮ್ಮ ಕಾಫಿ ಕುಟುಂಬಕ್ಕೆ ಸ್ವಾಗತ” ಎಂದಿತ್ತು. ಹೊಸದು “ನೀವು ಕೇಳಿದ ಡಿಕಾಕ್ಷನ್ ಕೈಪಿಡಿ”. ಒಳಗೆ ನಾಲ್ಕು ಸಾಲು, ಒಂದು ಬಟನ್. ಕೊನೆಯ ಸಾಲಿನಲ್ಲಿ, ನಾಡಿದ್ದು ಒಂದು ಪ್ರಶ್ನೆ ಕೇಳುತ್ತೇನೆ ಎಂಬ ಮಾತು ಮತ್ತು ಅವರ ಹೆಸರು. ವಿಳಾಸ ಕೊಟ್ಟ ಕೂಡಲೇ ಈ ಪತ್ರ ಹೋಗಬೇಕು. ಒಂದು ಗಂಟೆ ತಡವಾದರೂ ಕೇಳಿದವರ ಮನಸ್ಸು ಬೇರೆಡೆ ಹೋಗಿರುತ್ತದೆ.

ಎರಡನೆಯದು ಆ ಪ್ರಶ್ನೆಯ ಪತ್ರ. ನಿಮ್ಮ ಮನೆಯಲ್ಲಿ ಕಾಫಿ ಮಾಡುವುದು ಹೇಗೆ? ಫಿಲ್ಟರಿನಲ್ಲೋ, ನೀರಿಗೆ ಪುಡಿ ಹಾಕಿ ಕುದಿಸಿ ಬಟ್ಟೆಯಲ್ಲಿ ಸೋಸಿಯೋ, ಫ್ರೆಂಚ್ ಪ್ರೆಸ್‌ನಲ್ಲೋ? ಕೇಳಲು ಕಾರಣವಿದೆ. ಪುಡಿ ತೀರಾ ನುಣ್ಣಗಿದ್ದರೆ ಫಿಲ್ಟರಿನ ತೂತು ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದೇ ಇಲ್ಲ. ಫ್ರೆಂಚ್ ಪ್ರೆಸ್‌ಗೆ ಇನ್ನೂ ತರಿಯಾದ ಪುಡಿ ಬೇಕು. ಉತ್ತರ ಗೊತ್ತಾದರೆ ಮುಂದಿನ ಪತ್ರಗಳಲ್ಲಿ ಆಯಾ ಮನೆಗೆ ತಕ್ಕ ಪುಡಿಯನ್ನೇ ಹೇಳಬಹುದು. ಈ ಪತ್ರದಲ್ಲಿ ಮೂರು ಲಿಂಕ್‌ಗಳಿದ್ದವು. ಒಂದನ್ನು ಒತ್ತಿದರೆ ಆ ಉತ್ತರ ಅವರ ಹೆಸರಿನ ಮುಂದೆ ದಾಖಲಾಗುತ್ತದೆ. “ಒಂದೇ ಉದ್ದೇಶ ಅಂದ್ರಿ, ಇಲ್ಲಿ ಮೂರು ಲಿಂಕ್ ಇದೆಯಲ್ಲ?” ಎಂದು ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಮೂರೂ ಒಂದೇ ಪ್ರಶ್ನೆಯ ಉತ್ತರಗಳು. ಯಾವುದನ್ನು ಒತ್ತಿದರೂ ಪತ್ರದ ಕೆಲಸ ಆಯಿತು. ಹಾಗೆಯೇ ಒಂದೇ ಲಿಂಕ್ ಇದ್ದೂ ಎರಡು ಕೆಲಸಕ್ಕೆ ಎಳೆದಾಡುವ ಪತ್ರಗಳಿರುತ್ತವೆ. ಲಿಂಕ್ ಎಣಿಸುವುದರಿಂದ ಉದ್ದೇಶ ತಿಳಿಯುವುದಿಲ್ಲ.

ನಮ್ಮಿಬ್ಬರಿಗೆ ವಾದ ನಡೆದದ್ದು ಮೂರನೆಯ ಪತ್ರದ ಮೇಲೆ. ಚಿಕೋರಿ ಬೆರೆಸಿದ ಪುಡಿ ಕಲಬೆರಕೆಯೇ ಎಂಬ ಅನುಮಾನ ಅವರ ಗಿರಾಕಿಗಳಲ್ಲಿ ಬಹಳ. ಚಿಕೋರಿ ಒಂದು ಗಿಡದ ಬೇರು. ಅದನ್ನು ಹುರಿದು ಪುಡಿ ಮಾಡಿ ಬೆರೆಸಿದರೆ ಡಿಕಾಕ್ಷನ್‌ಗೆ ಬಣ್ಣ ಬರುತ್ತದೆ, ಮಂದವಾಗುತ್ತದೆ, ಕಾಫಿಯ ಸ್ವಂತ ಪರಿಮಳ ಅಷ್ಟು ಕಡಿಮೆಯಾಗುತ್ತದೆ. ಎಷ್ಟು ಬೆರೆಸಿದೆ ಎಂದು ಪ್ಯಾಕೆಟ್ ಮೇಲೆ ಬರೆದಿರಬೇಕು. ಓದುಗರು ಇಷ್ಟನ್ನು ತಿಳಿದುಕೊಳ್ಳುತ್ತಾರೆ ಎಂಬುದೇ ಈ ಪತ್ರದ ವಾಕ್ಯ. ಕೆಳಗೊಂದು “ಈಗಲೇ ಕೊಳ್ಳಿ” ಬಟನ್ ಇರಲಿ ಎಂದು ಅವರು, ಬೇಡವೆಂದು ನಾನು. ಮಾರುವ ಬಟನ್ ಕಂಡ ಕೂಡಲೇ ಮೇಲಿನ ವಿವರಣೆಯೆಲ್ಲ ಮಾರಾಟದ ಮಾತಾಗಿ ಕೇಳಿಸುತ್ತದೆ, ಹೋಗಬೇಕಿದ್ದ ಅನುಮಾನ ಉಳಿದುಬಿಡುತ್ತದೆ. ಕೊನೆಗೆ ಬಟನ್ ಇಲ್ಲದೆಯೇ ಪತ್ರ ಹೋಯಿತು. ಅವರಿಗೆ ಬಿಡಲು ಮನಸ್ಸೇ ಇಲ್ಲದ ತಾತನ ಕಥೆಗೂ ಇಲ್ಲೇ ಜಾಗ ಸಿಕ್ಕಿತು, ಮೂರು ಸಾಲಿಗೆ ಇಳಿದು: ಮನೆಗೆ ಚಿಕೋರಿ ಇಲ್ಲದ ಪುಡಿ, ಪೇಟೆಯ ಹೋಟೆಲಿಗೆ ಚಿಕೋರಿ ಬೆರೆಸಿದ್ದು ಎಂದು ತಾತ ಎರಡು ಡಬ್ಬ ಇಡುತ್ತಿದ್ದರಂತೆ. ಮೊದಲ ಪತ್ರದಲ್ಲಿ ದಾರಿಗೆ ಅಡ್ಡವಾಗಿದ್ದ ಕಥೆ ಇಲ್ಲಿ ವಿಷಯಕ್ಕೆ ಸಾಕ್ಷಿಯಾಯಿತು.

ನಾಲ್ಕನೆಯ ಪತ್ರ ಮಾರಾಟಕ್ಕೇ ಮೀಸಲು. 100 ಗ್ರಾಂ ಪ್ಯಾಕೆಟ್, ಕೂಪನ್, ಬಟನ್. ಇನ್‌ಸ್ಟಾಗ್ರಾಂ, ಐದು ಪ್ರಶ್ನೆ, ಸ್ನೇಹಿತರಿಗೆ ತಿಳಿಸುವ ಮನವಿ ಯಾವ ಪತ್ರಕ್ಕೂ ಸೇರಲಿಲ್ಲ.

ಪತ್ರಗಳು ಸಿದ್ಧವಾದ ಮೇಲೂ ಒಂದು ಎಡವಟ್ಟಾಯಿತು. ಎರಡನೇ ದಿನವೇ ಪೂರ್ತಿ ಬೆಲೆ ಕೊಟ್ಟು ಅರ್ಧ ಕೆ.ಜಿ. ತರಿಸಿಕೊಂಡಿದ್ದ ಗಿರಾಕಿಯೊಬ್ಬರಿಗೆ ಎಂಟನೇ ದಿನ ಕೂಪನ್ ಪತ್ರ ಹೋಯಿತು. ನನಗೇಕೆ ಆ ಬೆಲೆ ಇಲ್ಲ ಎಂದು ಅವರು ಬೇಸರದಿಂದ ಬರೆದರು, ಅದು ನ್ಯಾಯವೇ. ಪತ್ರದ ಉದ್ದೇಶ ಆಗಲೇ ಈಡೇರಿದ್ದರೆ ಆ ಪತ್ರ ಹೋಗಲೇಬಾರದು. ಆರ್ಡರ್ ಬಂದ ಕೂಡಲೇ ಆ ಹೆಸರು ಸ್ವಾಗತದ ಸರಣಿಯಿಂದ ಹೊರಬೀಳಬೇಕೆಂಬ ಷರತ್ತನ್ನು ಇಮೇಲ್ ಕಳಿಸುವ ಸಾಫ್ಟ್‌ವೇರ್‌ನಲ್ಲಿ ಹಾಕಿದೆವು. ವಾರದ ಮಾಮೂಲಿ ಸುದ್ದಿಪತ್ರವನ್ನೂ ಹೊಸಬರಿಗೆ ಸರಣಿ ಮುಗಿಯುವ ತನಕ ತಡೆದೆವು. ಇಲ್ಲದಿದ್ದರೆ ಚಿಕೋರಿ ಪತ್ರದ ದಿನವೇ ಹಬ್ಬದ ರಿಯಾಯಿತಿ ಬಂದು, ಬಿಡಿಸಿಟ್ಟದ್ದೆಲ್ಲ ಮತ್ತೆ ಕಲಸಿಹೋಗುತ್ತದೆ.

ಕೆಲಸ ಆಗುತ್ತಿದೆಯೇ ಎಂದು ನೋಡಲು ಎಷ್ಟು ಜನ ತೆರೆದರು ಎಂಬ ಲೆಕ್ಕವನ್ನು ನಾನು ನಂಬುವುದಿಲ್ಲ. ಆಪಲ್ ಕಂಪನಿ 2021ರಲ್ಲಿ ತಂದ ಖಾಸಗಿತನದ ಸೌಲಭ್ಯವನ್ನು ಆನ್ ಮಾಡಿಕೊಂಡವರ ಮೇಲ್ ಆ್ಯಪ್‌ನಲ್ಲಿ, ಓದುಗರು ಮುಟ್ಟುವ ಮೊದಲೇ ಪತ್ರದ ಚಿತ್ರಗಳು ಇಳಿದುಬಿಡುತ್ತವೆ. ತೆರೆಯದ ಪತ್ರವೂ ತೆರೆದಂತೆ ದಾಖಲಾಗುತ್ತದೆ. ಉದ್ದೇಶ ಒಂದೇ ಇದ್ದರೆ ಅಳತೆಯೂ ಕೈಗೆ ಸಿಗುತ್ತದೆ. ಮೊದಲನೆಯದಕ್ಕೆ ಕೈಪಿಡಿ ಎಷ್ಟು ಜನಕ್ಕೆ ತೆರೆಯಿತು, ಎರಡನೆಯದಕ್ಕೆ ಎಷ್ಟು ಉತ್ತರ, ನಾಲ್ಕನೆಯದಕ್ಕೆ ಎಷ್ಟು ಆರ್ಡರ್. ಮೂರನೆಯದಕ್ಕೆ ಒತ್ತಲು ಬಟನ್ನೇ ಇಲ್ಲ. ಅದಕ್ಕಾಗಿ ಅಂಗಡಿಯ ಫೋನ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಚಿಕೋರಿ ಬಗ್ಗೆ ಕೇಳಿ ಬಂದ ಕರೆಗಳನ್ನು ಗುರುತು ಹಾಕಿಕೊಳ್ಳುತ್ತ ಬಂದರು.

ಎರಡನೆಯ ಪತ್ರಕ್ಕೆ ಕೆಲವರು ಲಿಂಕ್ ಒತ್ತದೆ ಉತ್ತರವನ್ನೇ ಬರೆದರು. ಅವರಲ್ಲಿ ಮೂವರು ನಾವು ಪಟ್ಟಿಯಲ್ಲಿ ಇಟ್ಟೇ ಇರದ ಮೋಕಾ ಪಾಟ್ ಹೆಸರು ಹೇಳಿದ್ದರು. ಈಗ ಅಲ್ಲಿ ನಾಲ್ಕು ಲಿಂಕ್‌ಗಳಿವೆ.